ಗೆಳೆಯರೆಲ್ಲ ನಾಲ್ಕು ದೇಶದಲ್ಲಿ, ಮೈನ್‌ಕ್ರಾಫ್ಟ್ ಸರ್ವರ್ ಎಲ್ಲಿಡೋದು?

ಪ್ರಶ್ನೆ: ಕಾಲೇಜು ಗೆಳೆಯರ ಸರ್ವರ್. ಆರು ಜನ ಬೆಂಗಳೂರು, ಮೂವರು ದುಬೈ, ಇಬ್ಬರು ಸಿಂಗಾಪುರ, ಇಬ್ಬರು ನ್ಯೂಜೆರ್ಸಿ. ಶನಿವಾರ ರಾತ್ರಿ ಎಂಟೂವರೆಗೆ ಸೇರುತ್ತೇವೆ. ನಡುವೆ ಬರುತ್ತೆ ಅಂತ ಫ್ರಾಂಕ್‌ಫರ್ಟ್ ನೋಡಿದ್ದೇವೆ. ಸರಿನಾ?

ಒಬ್ಬ ಸದಸ್ಯರು: ಸರಿಯಾಗಿದೆ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಿಂಗ್, ಯಾರೂ ಗೊಣಗಲ್ಲ.

ನೆಟ್‌ವರ್ಕ್ ಇಂಜಿನಿಯರ್: ಸಮ ಆಗುತ್ತೆ, ಆದರೆ ಹೆಚ್ಚಿನವರಿಗೆ ನಷ್ಟವೇ. ಮುಂಬೈಯಲ್ಲಿಟ್ಟರೆ ಬೆಂಗಳೂರಿಗೆ ಸುಮಾರು 25–30 ಮಿಲಿಸೆಕೆಂಡ್, ಸಿಂಗಾಪುರಕ್ಕೆ 60ರ ಆಸುಪಾಸು, ನ್ಯೂಜೆರ್ಸಿಗೆ 200 ದಾಟುತ್ತೆ. ಫ್ರಾಂಕ್‌ಫರ್ಟ್ ಆದರೆ ನ್ಯೂಜೆರ್ಸಿಯವರು 90ಕ್ಕೆ ಇಳಿಯುತ್ತಾರೆ, ಉಳಿದವರೆಲ್ಲ 100 ದಾಟುತ್ತಾರೆ. ಇಬ್ಬರಿಗಾಗಿ ಹನ್ನೊಂದು ಜನ ಯಾಕೆ ಕಷ್ಟಪಡಬೇಕು? ನೀವು ಮನೆ ಕಟ್ಟೋದು, ಗಣಿ ತೋಡೋದು ತಾನೇ? ಅದಕ್ಕೆ 200 ನಡೆಯುತ್ತೆ. ಪೆಟ್ಟಿಗೆ ತೆರೆಯುವಾಗ ಚೂರು ತಡ ಅನ್ನಿಸುತ್ತೆ, ಅಷ್ಟೇ. ಒಬ್ಬರಿಗೊಬ್ಬರು ಹೊಡೆದಾಡುವ ಆಟವಾದರೆ ಮಾತ್ರ ಲೆಕ್ಕ ಬೇರೆ.

ನನ್ನ ಓಟು ಮುಂಬೈಗೆ. ಆದರೆ ದುಡ್ಡು ಕಟ್ಟುವ ಮೊದಲು ಅಳೆಯಿರಿ. ಹೋಸ್ಟಿಂಗ್ ಕಂಪನಿಯ ವೆಬ್‌ಸೈಟ್‌ಗೆ ಪಿಂಗ್ ಮಾಡಬೇಡಿ. ಎಷ್ಟೋ ಸಲ ಉತ್ತರ ಕೊಡೋದು ನಿಮ್ಮ ಊರಿನ ಹತ್ತಿರವಿರುವ ಸಿಡಿಎನ್ ಅನ್ನೋ ನಕಲು ಸರ್ವರ್, ಹಾಗಾಗಿ ಎಲ್ಲರಿಗೂ ಚೆನ್ನಾಗೇ ಕಾಣುತ್ತೆ. ಆ ಊರಿನ ಟೆಸ್ಟ್ ಐಪಿ ಕೇಳಿ ಪಡೆಯಿರಿ. ನೀವು ಆಡುವ ಹೊತ್ತಿಗೇ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಇದನ್ನು ಓಡಿಸಲಿ (ವಿಂಡೋಸ್‌ನಲ್ಲಿ):

```
ping -n 200 <test-ip>
```

ಸರಾಸರಿ ಒಂದನ್ನೇ ನೋಡಬೇಡಿ. 60, 62, 190, 61 ಅಂತ ಜಿಗಿಯುವ ಲೈನಿಗಿಂತ ನಿಂತಲ್ಲೇ ನಿಂತ 120 ವಾಸಿ.

ಇನ್ನೊಬ್ಬರು: ನಮ್ಮದೂ ಇದೇ ಲ್ಯಾಗ್ ಸಾರ್. ರ‍್ಯಾಮ್ 4ರಿಂದ 8 ಜಿಬಿ ಮಾಡಿದೆವು, ಸರಿಹೋಯಿತು. ಊರು ಯಾವುದಾದರೇನು?

ನೆಟ್‌ವರ್ಕ್ ಇಂಜಿನಿಯರ್: ನಿಮ್ಮದು ಬೇರೆ ಕಾಯಿಲೆ ಇರಬೇಕು. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್ ಓಡಬೇಕು. ಅದು ಕುಸಿದರೆ ಎಲ್ಲರಿಗೂ ಒಟ್ಟಿಗೇ ತಟ್ಟುತ್ತೆ, ಹಸು ಕುರಿ ನಿಂತಲ್ಲೇ ನಿಲ್ಲುತ್ತವೆ. ಒಬ್ಬರಿಗೇ ಆದರೆ ದೂರ ಅಥವಾ ಲೈನ್ ಕಾರಣ. ಪೇಪರ್ ಅನ್ನೋ ಸರ್ವರ್ ಸಾಫ್ಟ್‌ವೇರ್ ಆದರೆ `/tps` ಹೊಡೆದು ನೋಡಿ, ಗೊತ್ತಾಗುತ್ತೆ.

ದುಬೈನಿಂದ: ನಾನು ಈ ಗುಂಪಿನವನೇ. ಮುಂಬೈಗೆ ನನಗೆ 200 ಬರ್ತಿದೆ. ಪಕ್ಕದ ಬಿಲ್ಡಿಂಗಿನ ಗೆಳೆಯನಿಗೆ 40! ಮ್ಯಾಪಲ್ಲಿ ಇಬ್ಬರೂ ಒಂದೇ ಕಡೆ ಅಲ್ವಾ?

ನೆಟ್‌ವರ್ಕ್ ಇಂಜಿನಿಯರ್: ಬೇರೆ ಬೇರೆ ಇಂಟರ್ನೆಟ್ ಕಂಪನಿಯ ಲೈನ್ ಇರಬೇಕು. ಅದೇ ಐಪಿಗೆ `tracert` ಹಾಕಿ ನೋಡಿ, ಡೇಟಾ ಹೋಗುವ ದಾರಿ ಕಾಣುತ್ತೆ. ನಡುವೆ ಲಂಡನ್, ಮಾರ್ಸೇ ತರಹದ ಹೆಸರು ಕಂಡರೆ ನಿಮ್ಮ ಡೇಟಾ ಯುರೋಪಿಗೆ ಹೋಗಿ ವಾಪಸ್ ಬರ್ತಿದೆ ಅಂತ ಅರ್ಥ. ಆ ದಾರಿ ನಿಮ್ಮ ಇಂಟರ್ನೆಟ್ ಕಂಪನಿಯ ಕೈಯಲ್ಲಿದೆ.

ದುಬೈನಿಂದ: ಮಾರ್ಸೇ ಕಾಣಿಸ್ತು. ಕಸ್ಟಮರ್ ಕೇರ್‌ನವರು ರೂಟರ್ ರೀಸ್ಟಾರ್ಟ್ ಮಾಡಿ ಅಂತಿದ್ದಾರೆ.

ಪ್ರಶ್ನೆ ಕೇಳಿದವರು: ಸರಿ, ಮುಂಬೈ ಒಂದು ತಿಂಗಳಿಗೆ ಮಾತ್ರ ತಗೊಳ್ತೇವೆ. ಉಳಿದ ದುಬೈಯವರ ಲೆಕ್ಕ ಶನಿವಾರ ಹಾಕ್ತೀನಿ.