ಪದಚರ್ಚೆ: ಹಿಸ್ಟೋಗ್ರಾಮಿನ ನಿಂತ ಗೆರಿಗೆ "ಆವೃತ್ತಿ" ಅನ್ಬೇಕೊ, "ಆವೃತ್ತಿ ಸಾಂದ್ರತೆ" ಅನ್ಬೇಕೊ, ಇನ್ನೇನರ ಐತೇನು?

ಎಲ್ಲಾರಿಗೂ ನಮಸ್ಕಾರ್ರಿ. ನಾ ಬಾಗಲಕೋಟಿ ಹತ್ರ ಒಂದು ಕನ್ನಡ ಮೀಡಿಯಂ ಹೈಸ್ಕೂಲಿನ್ಯಾಗ ಒಂಬತ್ತನೇತ್ತಾಕ್ಕ ಗಣಿತ ಹೇಳ್ತೀನಿ. ವರ್ಗಾಂತರದ ಅಗಲ ಒಂದ ಸಮ ಇರಲಾರದ ಹಿಸ್ಟೋಗ್ರಾಮಿನ ವರ್ಕ್‌ಶೀಟ್ ಒಂದನ್ನ ಕನ್ನಡಕ್ಕ ಮಾಡಾಕತ್ತೀನಿ, ಒಂದು ಶಬ್ದದಾಗ ಸಿಕ್ಕೊಂಡೀನಿ.

ಲೆಕ್ಕ ಹಿಂಗೈತಿ. 60 ಮಕ್ಕಳು ಮನಿಯಿಂದ ಸಾಲಿಗೆ ಬರಾಕ ಎಷ್ಟು ನಿಮಿಷ ಹಿಡಿತೈತಿ ಅಂತ ಟೇಬಲ್. 0–5 ನಿಮಿಷದಾಗ 8 ಮಕ್ಕಳು, 5–10 ರಾಗ 14, 10–20 ರಾಗ 18, 20–40 ರಾಗ 16, 40–60 ರಾಗ 4. ಉತ್ತರದ ಚಿತ್ರದಾಗ ಕಂಬದ ಎತ್ತರ ಮಾತ್ರ 8, 14, 9, 4, 1 ಅದಾವ, ಮತ್ತ ನಿಂತ ಗೆರಿಗೆ ನಾನ "ಆವೃತ್ತಿ" ಅಂತ ಬರದಿದ್ದೆ. ಒಬ್ಬಾಕಿ ಹುಡುಗಿ ಶೀಟ್ ಹಿಡ್ಕೊಂಡು ಬಂದು "ಟೀಚರ್, ಟೇಬಲ್‌ನ್ಯಾಗ 18 ಐತಿ, ಕಂಬ 9ಕ್ಕ ನಿಂತೈತ್ರಿ, ಚಿತ್ರ ತಪ್ಪೈತಿ" ಅಂದ್ಲು, ಅಷ್ಟೊತ್ತಿಗೆ ರಬ್ಬರಿನಿಂದ ಅಳಿಸಿ ಮೂರನೇ ಕಂಬ 18ಕ್ಕ, ನಾಕನೇದ್ದು 16ಕ್ಕ, ಐದನೇದ್ದು 4ಕ್ಕ ಏರ್ಸಿಬಿಟ್ಟಿದ್ಲು. ನಾ ಬರದ ಶಬ್ದದ ಪ್ರಕಾರ ಆಕಿ ಮಾಡಿದ್ದು ಸರಿನ ಐತಿ. ಕಂಬ ಸರಿ ಅದಾವ, ಶಬ್ದ ತಪ್ಪೈತಿ. ಅಲ್ಲಿ ಏನ್ ಬರೀಲಿ ಹೇಳ್ರಿ.

— ಗಣಿತ ಟೀಚರ್, ಬಾಗಲಕೋಟಿ

ಟೀಚರ್, "ಆವೃತ್ತಿ ಸಾಂದ್ರತೆ" ಅಂತ ಹಾಕ್ರಿ, ಎರಡನೇ ಮಾತ ಇಲ್ಲ. ಹಿಸ್ಟೋಗ್ರಾಮಿನ್ಯಾಗ ಕಂಬದ ವಿಸ್ತೀರ್ಣ ಆವೃತ್ತಿ ತೋರಸ್ತೈತಿ, ಎತ್ತರ ಅಲ್ಲ. ಆದ್ರ ನಿಮ್ಮ ಚಿತ್ರನೂ ತಪ್ಪೈತಿ ಅಂತ ನನಗ ಅನಸ್ತೈತಿ. ಅಗಲಕ್ಕ ಎತ್ತರ ಗುಣಿಸಿದ್ರ ಟೇಬಲ್ಲಿನ ಸಂಖ್ಯೆ ಬರಲೇಬೇಕು. ಎರಡನೇ ಕಂಬ ನೋಡ್ರಿ, ಅಗಲ 5, ಎತ್ತರ 14, ವಿಸ್ತೀರ್ಣ 70 ಆತು, ಟೇಬಲ್‌ನ್ಯಾಗ ಇರೋದು 14. ಎತ್ತರ 2.8 ಇರಬೇಕಿತ್ತು.

— ನಿವೃತ್ತ ಮಾಸ್ತರು, ಬೆಳಗಾವಿ

"ಆವೃತ್ತಿ" ಶಬ್ದನ ತಗದುಹಾಕೋದು ಚೊಲೋ ಅಂತ ನನ್ನ ವಿಚಾರ. ನಾ ಪ್ರೆಸ್ಸಿನ್ಯಾಗ ಕರಡು ತಿದ್ದಾಂವ, ನಮಗ ಆವೃತ್ತಿ ಅಂದ್ರ ಪುಸ್ತಕದ ಎರಡನೇ ಆವೃತ್ತಿ, ಮೂರನೇ ಆವೃತ್ತಿ. ವಿಜ್ಞಾನದಾಗ ಧ್ವನಿ ಪಾಠಕ್ಕೂ ಅದ ಶಬ್ದ ಬರತೈತಿ. ಮಕ್ಕಳಿಗೆ ಗೊಂದಲ ಆಗೋದು ಅಲ್ಲೇ ಇರಬೇಕು. "ಎಣಿಕೆ" ಅಂತ ಹಾಕಿದ್ರ ಹೆಂಗ?

— ವಿಜಯಪುರ

ಎಣಿಕೆ ಶಬ್ದ ಚೆಂದೈತ್ರಿ, ಆದ್ರ ಟೀಚರ್ ಕೇಳಿದ್ದು ಅದಲ್ಲ. "ಎಣಿಕೆ" ಅಂತ ಬರದ್ರೂ ಆ ಹುಡುಗಿ ಕಂಬಾನ 18ಕ್ಕ ಏರ್ಸತಿದ್ಲು. ಕಂಬದ ಎತ್ತರ ಎಣಿಕೆನ ಅಲ್ಲ, ಅದ ತೊಡಕು.

ಮಾಸ್ತರ್ರ ಮಾತಿನ್ಯಾಗ ಅರ್ಧ ಖರೇ ಐತಿ. ವಿಸ್ತೀರ್ಣ ಆವೃತ್ತಿಗೆ ಸಮ ಇರಲೇಬೇಕು ಅಂತೇನಿಲ್ಲ, ಎಲ್ಲಾ ಕಂಬಕ್ಕೂ ಒಂದ ಪ್ರಮಾಣದಾಗ ಇದ್ರ ಸಾಕು. 8ನ್ನ 5 ರಿಂದ ಭಾಗಿಸಿದ್ರ 1.6, ಆಮ್ಯಾಲ 2.8, 1.8, 0.8, 0.2. ಇದು ನಿಮಿಷಕ್ಕ ಎಷ್ಟು ಮಕ್ಕಳು ಅನ್ನೋ ಲೆಕ್ಕ. ಇವನ್ನ ಎಲ್ಲಾ 5 ರಿಂದ ಗುಣಿಸಿದ್ರ 8, 14, 9, 4, 1, ಟೀಚರ್ ಚಿತ್ರದಾಗ ಇರೋವು ಇವ. ಎನ್‌ಸಿಇಆರ್‌ಟಿ ಒಂಬತ್ತನೇತ್ತಾ ಪುಸ್ತಕದ ರೀತಿನೂ ಇದ, ಎಲ್ಲಾಕಿಂತ ಸಣ್ಣ ವರ್ಗಾಂತರ ಹಿಡದು ಉಳಿದ ಕಂಬಗಳನ್ನ ಅದರ ಲೆಕ್ಕಕ್ಕ ಇಳಸ್ತಾರ. ಆಕಾರ ಎರಡರಾಗೂ ಒಂದ. ವಿಸ್ತೀರ್ಣ ಎಲ್ಲಾ ಕೂಡಿಸಿದ್ರ ಒಂದರಾಗ 60 ಬರತೈತಿ, ಇನ್ನೊಂದರಾಗ 300, ಅಷ್ಟ ಫರಕು.

ಈಗ ಆ ಹುಡುಗಿ ತಿದ್ದಿದ ಚಿತ್ರ ಯಾಕ ಕೆಡತೈತಿ ನೋಡ್ರಿ. 20–40ರ ಕಂಬಾನ 16ಕ್ಕ ಏರ್ಸಿದ್ರ, ಅಗಲ ಮೊದಲ 20 ಐತಿ, ಎತ್ತರನೂ ದೊಡ್ಡದಾತು, ವಿಸ್ತೀರ್ಣ 320 ಆತು. 0–5ರ ಕಂಬ 40. ಮಕ್ಕಳು ಎರಡ ಪಟ್ಟು, ಕಂಬ ಎಂಟು ಪಟ್ಟು. ಇಡೀ ಚಿತ್ರದಾಗ ಹತ್ರಹತ್ರ ಅರ್ಧ ಜಾಗ ಅದ ತಿಂತೈತಿ, ಖರೇ ನೋಡಿದ್ರ ಆ ಮಕ್ಕಳು 60ರಾಗ 16, ಕಾಲು ಭಾಗಕ್ಕ ಚೂರು ಹೆಚ್ಚು ಅಷ್ಟ.

ಹಾಳ್ಯಾಗಿನ ಚಿತ್ರ ಸಾಂದ್ರತೆಲೇ ತಗದಾರೊ ಬರೇ ಆವೃತ್ತಿಲೇ ತಗದಾರೊ ಅಂತ ಪರೀಕ್ಷೆ ಮಾಡಾಕ ನಾ ಮಕ್ಕಳಿಂದ ಒಂದು ಕೆಲಸ ಮಾಡಸ್ತೀನಿ. 20–40ನ್ನ ನಡುವ ಸೀಳಿ 20–30, 30–40 ಮಾಡ್ರಿ, ಒಂದೊಂದರಾಗ 8 ಮಕ್ಕಳು ಅಂತ ಹಿಡೀರಿ. ಆವೃತ್ತಿಲೇ ತಗದ ಚಿತ್ರದಾಗ ಕಂಬ 16 ರಿಂದ ಧಡಲ್ ಅಂತ 8ಕ್ಕ ಬೀಳ್ತೈತಿ, ಒಂದು ಮಗುನೂ ಮನಿ ಬದಲ ಮಾಡಿಲ್ಲ. ಸಾಂದ್ರತೆಲೇ ತಗದಿದ್ರ 0.8 ಇದ್ದಲ್ಲೇ ಇರತೈತಿ. 8 ಮತ್ತ 8 ಇರಲಾರದ 11 ಮತ್ತ 5 ಇದ್ರ 1.1, 0.5 ಆಗತೈತಿ, ಅವೆರಡರ ಸರಾಸರಿ ಮತ್ತ 0.8. ಅಂದ್ರ ಅಗಲ ಕಂಬದ ಎತ್ತರ ಬರೇ ಸರಾಸರಿ, ಒಳಗ ಮಕ್ಕಳು ಹೆಂಗ ಹಂಚ್ಯಾರ ಅನ್ನೋದನ್ನ ಅದು ಹೇಳಂಗಿಲ್ಲ.

— ಸ್ಟಾಟಿಸ್ಟಿಕ್ಸ್ ಹೇಳಾಕಿ, ವಿಜಯಪುರ

ನಾ ಕಬ್ಬು ಬೆಳ್ಯಾಂವ್ರಿ, ಶಬ್ದದ ಚರ್ಚೆ ಓದಾಕ ಬರ್ತಿರ್ತೀನಿ. ನಮ್ಮಲ್ಲಿ ಎರಡು ಎಕರೆ ಹೊಲದಾಂವ, ಹತ್ತು ಎಕರೆ ಹೊಲದಾಂವ ಕುಂತ್ರ ಯಾರೂ ಒಟ್ಟು ಎಷ್ಟು ಟನ್ ಅಂತ ಹೋಲಸಂಗಿಲ್ಲ, ಎಕರೆಗೆ ಎಷ್ಟು ಬಂತು ಅಂತ ಕೇಳ್ತಾರ. ಇದೂ ಹಂಗ ಅಲ್ಲೇನು? ಹಂಗಾದ್ರ "ಸಾಂದ್ರತೆ" ಯಾಕ ಬೇಕು, ಬಿತ್ತನಿ ದಟ್ಟ ಆತು ಅಂತೀವಿ, ಜಾತ್ರ್ಯಾಗ ಜನದಟ್ಟಣಿ ಅಂತೀವಿ. "ದಟ್ಟಣೆ" ಅಂದ್ರ ಮಕ್ಕಳಿಗೆ ಕಣ್ಣಿಗೆ ಕಾಣತೈತಿ.

— ಮುಧೋಳ

ಒಂದು ಮಾತು ಸೇರ್ಸತೀನಿ. ನಮಗ ಕಂಪ್ಯೂಟರಿನ್ಯಾಗ ಇದ ಲೆಕ್ಕ ಬರತೈತಿ, `x` ಅಂದ್ರ ಆ 60 ಮಕ್ಕಳ ನಿಮಿಷ.

```
plt.hist(x, bins=[0,5,10,20,40,60])
plt.hist(x, bins=[0,5,10,20,40,60], density=True)
```

ಮೊದಲನೇ ಸಾಲು ಅಗಲ ಬ್ಯಾರೆ ಬ್ಯಾರೆ ಇದ್ರೂ ಬರೇ ಎಣಿಕೆನ ಎತ್ತರಕ್ಕ ಹಾಕತೈತಿ, ಆ ಹುಡುಗಿ ತಿದ್ದಿದ ಚಿತ್ರನ ಬರತೈತಿ. ಎರಡನೇದ್ದು ಆಕಾರ ಸರಿ ಕೊಡತೈತಿ, ಆದ್ರ 5–10ರ ಎತ್ತರ 2.8 ಅಲ್ಲ, ಅದನ್ನ 60 ರಿಂದ ಭಾಗಿಸಿ 0.047ರ ಹತ್ರ, ಯಾಕಂದ್ರ ಒಟ್ಟು ವಿಸ್ತೀರ್ಣಾನ 1 ಮಾಡತೈತಿ. ಇದಕ್ಕೂ "ಸಾಂದ್ರತೆ" ಅಂದ್ರ ಅದಕ್ಕೂ "ಸಾಂದ್ರತೆ" ಅಂದ್ರ ಮುಂದ ಗೊಂದಲ ಆಗಂಗಿಲ್ಲೇನ್ರಿ?

— ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಆಗತೈತಿ ತಮ್ಮಾ. ಅದಕ್ಕ ನಾ "ಆವೃತ್ತಿ" ಶಬ್ದ ಮುಂದ ಇರಲೇಬೇಕು ಅಂತೀನಿ, ಬರೇ "ಸಾಂದ್ರತೆ" ಸಾಲಂಗಿಲ್ಲ. 70ರ ವಿಷಯ, ಅಕ್ಕಾರ ಹೇಳಿದ್ದು ಒಪ್ಪಿಗಿ ಐತಿ, ನಾ ಅಳತಿಪಟ್ಟಿ ನೋಡಿದ್ದಿಲ್ಲ. ಆದ್ರ "ದಟ್ಟಣೆ"ಗೆ ನನ್ನ ಒಪ್ಪಿಗಿ ಇಲ್ಲ. ಭೌತಶಾಸ್ತ್ರದಾಗ ಸಾಂದ್ರತೆ ಅಂತ ಕಲ್ತ ಮಕ್ಕಳಿಗೆ ಗಣಿತದಾಗ ಬ್ಯಾರೆ ಶಬ್ದ ಕೊಟ್ರ ಎರಡೂ ಒಂದ ವಿಚಾರ ಅಂತ ತಿಳಿಯೋದ ಇಲ್ಲ.

— ನಿವೃತ್ತ ಮಾಸ್ತರು, ಬೆಳಗಾವಿ

ಎಲ್ಲಾರಿಗೂ ಥ್ಯಾಂಕ್ಸ್ ರೀ. ನಿನ್ನೆ ಅಕ್ಕಾರ ಹೇಳಿದಂಗ ಆ 20–40ನ್ನ ಸೀಳೋ ಕೆಲಸ ಕ್ಲಾಸಿನ್ಯಾಗ ಮಾಡ್ಸಿದೆ, ಅದ ಹುಡುಗಿ ಬೋರ್ಡಿಗೆ ಬಂದು ತಾ ತಗದ 16ರ ಕಂಬಾನ ತಾನ 8ಕ್ಕ ಇಳಿಸಿ ಸ್ವಲ್ಪ ಹೊತ್ತು ನಿಂತು ನೋಡಿದ್ಲು, ಆಮ್ಯಾಲ "ಹಂಗಾದ್ರ ಇದು ಎಷ್ಟು ಮಕ್ಕಳು ಅಂತ ಅಲ್ರಿ ಟೀಚರ್, ಎಷ್ಟು ನಿಮಿಷಕ್ಕ ಎಷ್ಟು ಮಕ್ಕಳು ಅಂತ" ಅಂದ್ಲು. ವರ್ಕ್‌ಶೀಟಿನ್ಯಾಗ ಈಗ ನಿಂತ ಗೆರಿಗೆ "5 ನಿಮಿಷಕ್ಕ ಎಷ್ಟು ಮಕ್ಕಳು" ಅಂತನ ಬರದೀನಿ, ಕೆಳಗ ಸಣ್ಣ ಅಕ್ಷರದಾಗ "ಆವೃತ್ತಿ ಸಾಂದ್ರತೆ" ಹಾಕೀನಿ. ದಟ್ಟಣೆ ಶಬ್ದ ಮನಸ್ಸಿನಿಂದ ಹೋಗವಲ್ದು. ಪ್ರಿಂಟಿಗೆ ಕೊಡಾಕ ಸೋಮವಾರದ ತನಕ ಟೈಮ್ ಐತಿ, ಅದಕ್ಕ ಯಾರರ ಇನ್ನೊಂದು ಕಾರಣ ಕೊಡೋರಿದ್ರ ಕೊಡ್ರಿ.

— ಗಣಿತ ಟೀಚರ್, ಬಾಗಲಕೋಟಿ