ನಾಗಪುರವೋ, ಹೈದರಾಬಾದೋ? ಓದುಗರ ಸ್ಪಂದನ

ಸಮಸ್ಯೆ: ಮೈಸೂರಿನ ಓದುಗರೊಬ್ಬರು ಸರ್ಕಾರಿ ಬ್ಯಾಂಕೊಂದರಲ್ಲಿ ಮ್ಯಾನೇಜರ್. ಈಗ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಬಡ್ತಿ ಸಿಕ್ಕಿದೆ, ಹಾಕಿರುವುದು ನಾಗಪುರಕ್ಕೆ. ಅದೇ ವಾರ ಸಾಫ್ಟ್‌ವೇರ್ ಉದ್ಯೋಗಿ ಗಂಡನಿಗೆ ಹೈದರಾಬಾದಿನಿಂದ ಆಫರ್ ಬಂದಿದೆ. ಮಗಳು ಮುಂದಿನ ವರ್ಷ ಒಂದನೇ ತರಗತಿ. ಮಗಳು ಹುಟ್ಟಿದಾಗ ಇವರು ಒಮ್ಮೆ ಬಡ್ತಿ ಪರೀಕ್ಷೆಗೇ ಕೂತಿರಲಿಲ್ಲ. ಮಗುವನ್ನು ಮೈಸೂರಿನಲ್ಲೇ ಬಿಟ್ಟು ಇಬ್ಬರೂ ಹೋಗಿ ಅನ್ನುತ್ತಾರೆ ಅತ್ತೆ. ಯಾರು ಮೊದಲು ಹೆಜ್ಜೆ ಇಡಬೇಕು?

ತಂಗೀ, ಬಡ್ತಿ ಬಿಡಬೇಡಿ. ಬಡ್ತಿ ನಿರಾಕರಿಸಿದರೆ ಸೀನಿಯಾರಿಟಿ ಹೋಗುವುದಷ್ಟೇ ಅಲ್ಲ, ಮತ್ತೆ ಅರ್ಜಿ ಹಾಕುವುದಕ್ಕೂ ಕೆಲವು ಕಾಲ ತಡೆ ಬೀಳುತ್ತದೆ. ಎಷ್ಟು ಕಾಲ ಎಂಬುದು ನಿಮ್ಮ ಬ್ಯಾಂಕಿನ ಪ್ರಮೋಷನ್ ಪಾಲಿಸಿಯಲ್ಲಿರುತ್ತದೆ, ಎಚ್‌ಆರ್ ಸರ್ಕ್ಯುಲರ್ ತೆಗೆದು ಓದಿ. ನಿಮ್ಮ ಯಜಮಾನರಿಗೆ ಹೈದರಾಬಾದಿನ ಈ ಕಂಪನಿ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಸಿಕ್ಕೀತು. ನಿಮ್ಮ ಬ್ಯಾಂಕಿನಲ್ಲಿ ಆ ಮಾತು ಹೇಳಲು ಬರುವುದಿಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಮದುವೆಯಾದ ಮಹಿಳಾ ನೌಕರರು ಕೋರಿದರೆ, ಸಾಧ್ಯವಾದ ಮಟ್ಟಿಗೆ ಗಂಡ ಇರುವ ಊರಿಗೋ ಹತ್ತಿರಕ್ಕೋ ಹಾಕಬೇಕೆಂದು ಕೇಂದ್ರ ಹಣಕಾಸು ಸೇವೆಗಳ ಇಲಾಖೆ 2014ರಲ್ಲೇ ಸರ್ಕಾರಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಇದು ಹಕ್ಕಲ್ಲ, ಕೋರಿಕೆಗೆ ಒಂದು ಬಲ. ಅದಕ್ಕೆ ಯಜಮಾನರು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾರೆ ಎಂಬ ದಾಖಲೆ ಬೇಕು, ಬರೀ ಆಫರ್ ಲೆಟರ್ ತೋರಿಸಿದರೆ ಫೈಲು ಮುಂದೆ ಹೋಗುವುದು ಕಷ್ಟ. ಹಾಗಾಗಿ ನೀವು ನಾಗಪುರದಲ್ಲಿ ರಿಪೋರ್ಟ್ ಮಾಡಿಕೊಳ್ಳಿ, ಅವರು ಹೈದರಾಬಾದಿನಲ್ಲಿ ಸೇರಲಿ, ಆಮೇಲೆ ಅರ್ಜಿ ಕೊಡಿ. ಕೂಡಲೇ ಆಗಿಬಿಡುತ್ತದೆ ಎಂದುಕೊಳ್ಳಬೇಡಿ. ಒಂದೆರಡು ವರ್ಷ ನಾಗಪುರದಲ್ಲೇ ಇರಬೇಕಾದೀತು. ಕೋರಿಕೆಯ ವರ್ಗಾವಣೆಗೆ ಸಾಮಾನ್ಯವಾಗಿ ಸಾಮಾನು ಸಾಗಿಸುವ ಭತ್ಯೆಯೂ ಸಿಗುವುದಿಲ್ಲ. ಆದ್ದರಿಂದ ಮೈಸೂರಿನ ಸೋಫಾ, ಬೀರು ಎಲ್ಲ ಹೊತ್ತುಕೊಂಡು ಹೋಗಬೇಡಿ.
— ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಮೇಡಂ, ನಾನೂ ಸಾಫ್ಟ್‌ವೇರ್‌ನವನು, ಹೆಂಡತಿ ಬ್ಯಾಂಕಿನಲ್ಲಿ. ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು. ಆಗ ನಾವು ಮಾಡಿದ್ದು, ಸಂಬಳ ಎಷ್ಟು ಏರುತ್ತದೆ ಎಂಬುದನ್ನು ಬಿಟ್ಟು ಎರಡು ಮನೆ ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ನೋಡಿದ್ದು. ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮವರ ಕೈಗೆ ಬರುವ ಸಂಬಳ ತಿಂಗಳಿಗೆ 35,000 ಹೆಚ್ಚುತ್ತದೆ ಎನ್ನೋಣ. ಹೈದರಾಬಾದಿನ ಬಾಡಿಗೆ 20,000, ನಾಗಪುರದಲ್ಲಿ ಮಗು ನೋಡಿಕೊಳ್ಳುವವರಿಗೆ 10,000, ಓಡಾಟಕ್ಕೆ 8,000. ಅಲ್ಲಿಗೆ 38,000, ಹೆಚ್ಚಳವೆಲ್ಲ ಕರಗಿ ಮೇಲೆ 3,000 ಕೈಯಿಂದ ಹೋಯಿತು. ಅದೂ ಬ್ಯಾಂಕು ನಿಮಗೆ ನಾಗಪುರದಲ್ಲಿ ಲೀಸ್ ಮನೆ ಕೊಟ್ಟರೆ ಮಾತ್ರ. ಆ ಸೌಲಭ್ಯ ಕೇಳುವುದನ್ನು ಮರೆಯಬೇಡಿ. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇಬ್ಬರೂ ಕೂತು ಬರೆಯಿರಿ.

ಹೈದರಾಬಾದಿಗೆ ಹೂಂ ಅನ್ನುವ ಮೊದಲು ಅವರು ಎರಡು ವಿಷಯ ಕೇಳಲಿ. ವಾರದಲ್ಲಿ ಎಷ್ಟು ದಿನ ಆಫೀಸಿಗೆ ಬರಲೇಬೇಕು? ಜಾಯ್ನಿಂಗ್ ಬೋನಸ್ ಕೊಟ್ಟರೆ, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕೇ? ಉತ್ತರ ಬರವಣಿಗೆಯಲ್ಲೇ ಇರಲಿ. ನಾಗಪುರದ ಮಿಹಾನ್ ಕೈಗಾರಿಕಾ ವಲಯದಲ್ಲೂ ದೊಡ್ಡ ಐಟಿ ಕಂಪನಿಗಳಿವೆ, ಹೈದರಾಬಾದಿನಷ್ಟು ಅವಕಾಶ ಇಲ್ಲ ಅನ್ನುವುದು ನಿಜ. ಆದರೂ ಈಗಿನ ಕೆಲಸದ ನೋಟಿಸ್ ಪೀರಿಯಡ್ ಮುಗಿಯುವ ತನಕ ಅಲ್ಲೂ ಹುಡುಕಲಿ. ಹುಡುಕದೆಯೇ "ಅಲ್ಲಿ ಏನೂ ಇಲ್ಲ" ಅನ್ನಬಾರದು.
— ಬೆಂಗಳೂರಿನ ಓದುಗ

ಅಕ್ಕಾ, ಒಂದು ಸಲ ನೀವು ಬಡ್ತಿ ಪರೀಕ್ಷೆಗೆ ಕೂರದೆ ಬಿಟ್ಟಿದ್ದೀರಿ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ಸಲದ ಸರದಿ ನಿಮ್ಮದು, ಬಾಯಿಬಿಟ್ಟು ಹೇಳಿ. ಮುಂದಿನ ಸಲ ಅವರದಾಗಲಿ.
— ಕಾಲೇಜು ಉಪನ್ಯಾಸಕಿ, ಮಂಗಳೂರು

ಮಗಳೇ, ನಾನೂ ಒಬ್ಬಳು ಅತ್ತೆ, ಮೊಮ್ಮಗನನ್ನು ಎರಡು ವರ್ಷ ನಾನೇ ಸಾಕಿದ್ದೇನೆ. ಹಗಲು ಚೆನ್ನಾಗಿಯೇ ಇರುತ್ತಿದ್ದ. ಸಂಜೆ ವಿಡಿಯೋ ಕಾಲ್ ಮುಗಿದ ಮೇಲೆ ಊಟ ಬೇಡ ಅನ್ನುತ್ತಿದ್ದ. ತಟ್ಟೆ ಹಿಡಿದು ಅವನ ಹಿಂದೆ ಸುತ್ತುವುದೇ ನನ್ನ ಕೆಲಸವಾಗಿತ್ತು. ನಿಮ್ಮತ್ತೆಯ ಮಾತು ಪ್ರೀತಿಯದ್ದೇ, ಆದರೂ ಮಗುವನ್ನು ಬಿಟ್ಟು ಹೋಗಬೇಡಿ. ಬ್ಯಾಂಕಿನ ಮನೆ ಇರುವ ಕಡೆ, ನಿಮ್ಮ ಜೊತೆಗೇ ಇರಲಿ.

ಭಾಷೆಯ ಚಿಂತೆ ಈ ವಯಸ್ಸಿಗೆ ದೊಡ್ಡದಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ತೆಲಂಗಾಣದಲ್ಲಿ ತೆಲುಗು. ಒಂದನೇ ಕ್ಲಾಸಿನ ಮಗು ಅಕ್ಷರವನ್ನೇ ಹೊಸದಾಗಿ ಕಲಿಯುವುದು, ಮಿಕ್ಕ ಮಕ್ಕಳ ಜೊತೆಗೇ ಕಲಿತುಕೊಳ್ಳುತ್ತದೆ. ಐದನೇ ಕ್ಲಾಸಿನಲ್ಲಾದರೆ ಕಷ್ಟ. ವರ್ಷದ ನಡುವೆ ಮಾತ್ರ ಶಾಲೆ ಬಿಡಿಸಬೇಡಿ. ಮೊದಲ ಮೂರು ತಿಂಗಳಿಗೆ ಅತ್ತೆಯನ್ನೇ ನಾಗಪುರಕ್ಕೆ ಕರೆದುಕೊಂಡು ಹೋಗಿ. ಅಲ್ಲಿಯ ಬಿಸಿಲು ವಿಪರೀತ, ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ಕೂಲರ್ ಮೊದಲು ತಂದಿಡಿ.
— ಗೃಹಿಣಿ, ಶಿವಮೊಗ್ಗ