ಅಪ್‌ಡೇಟ್: ಜಾರುವ ಪಾದಗಳ ಕಾರಣ ಸಿಕ್ಕಿತು

ನನ್ನ ಪ್ರಶ್ನೆ: "ಗೇಮ್‌ನಲ್ಲಿ ಪಾತ್ರ ನಡೆಯುವಾಗ ಪಾದಗಳು ನೆಲದ ಮೇಲೆ ಮುಂದಕ್ಕೆ ಜಾರುತ್ತವೆ, ಏಕೆ?"

ಆನಿಮೇಷನ್ನನ್ನು ಫ್ರೇಮ್ ಫ್ರೇಮಾಗಿ ಅಳೆದಾಗ, ನೆಲಕ್ಕೂರಿದ ಪಾದವು ಸೊಂಟಕ್ಕೆ ಹೋಲಿಸಿದರೆ 0.5 ಸೆಕೆಂಡಿನಲ್ಲಿ 0.7 ಮೀಟರ್ ಹಿಂದಕ್ಕೆ ಸರಿಯುತ್ತಿತ್ತು. ಅಂದರೆ ಆ ನಡಿಗೆಯ ಸಹಜ ವೇಗ ಸೆಕೆಂಡಿಗೆ 1.4 ಮೀಟರ್. ಆದರೆ ನನ್ನ ಕೋಡ್ ಪಾತ್ರವನ್ನು ಸೆಕೆಂಡಿಗೆ 2.1 ಮೀಟರ್ ವೇಗದಲ್ಲಿ ಒಯ್ಯುತ್ತಿದ್ದುದರಿಂದ, ಪ್ರತಿ ಹೆಜ್ಜೆಯಲ್ಲೂ ಪಾದವು 0.35 ಮೀಟರ್ ಮುಂದಕ್ಕೆ ಜಾರುತ್ತಿತ್ತು. ಈಗ ಆನಿಮೇಷನ್ ಓಡುವ ದರವನ್ನು ಹೀಗೆ ಬರೆದಿದ್ದೇನೆ:

```
playbackRate = actualSpeed / 1.4
```

ಇಲ್ಲಿ ಬಳಸಬೇಕಾದದ್ದು ಕೀಲಿ ಒತ್ತಿ ಕೇಳಿದ ವೇಗವಲ್ಲ, ಪಾತ್ರ ನಿಜವಾಗಿ ಚಲಿಸಿದ ವೇಗ. ಇಲ್ಲದಿದ್ದರೆ ಗೋಡೆಗೆ ತಾಗಿ ನಿಂತಾಗಲೂ ಕಾಲುಗಳು ಆಡುತ್ತಲೇ ಇರುತ್ತವೆ. ಮಾದರಿಯ ಗಾತ್ರವನ್ನು 1.2 ಪಟ್ಟು ಹಿಗ್ಗಿಸಿದರೆ ಸಹಜ ವೇಗವೂ 1.68 ಆಗುತ್ತದೆ.

2.1ಕ್ಕೆ ದರ 1.5 ಬಂದು ಜಾರುವಿಕೆ ನಿಂತರೂ ನಡಿಗೆ ಅವಸರದ್ದಾಗಿ ಕಂಡಿತು. ಆದ್ದರಿಂದ ಆ ವೇಗಕ್ಕೆ ಉದ್ದ ಹೆಜ್ಜೆಯ ಬೇರೆ ಆನಿಮೇಷನ್ ಬೆರೆಸುತ್ತಿದ್ದೇನೆ.